ಅಕ್ಕನ ಇಎಫ್ 64 ಇದ್ದದ್ದು 52ಕ್ಕೆ ಇಳಿದಿದೆ, ಟ್ರಾಸ್ಟುಜುಮಾಬ್ ನಿಲ್ಲಿಸಿದ್ದಾರೆ. ಒಬ್ಬ ಡಾಕ್ಟರು ಬೇಡ ಅಂತಾರೆ, ಇನ್ನೊಬ್ಬರು ಕೊಡಿ ಅಂತಾರೆ

ಶೈಲಾ_ಬಿ

ಎಲ್ಲರಿಗೂ ನಮಸ್ಕಾರ. ನಮ್ಮಕ್ಕನ ವಿಷಯ ಕೇಳಬೇಕಿತ್ತು. ವಯಸ್ಸು 49. ಎಡಗಡೆ ಸ್ತನ ಕ್ಯಾನ್ಸರ್, ಹರ್-2 ಪಾಸಿಟಿವ್. ಆಪರೇಶನ್ ಆದ ಮೇಲೆ ಕೆಂಪು ಕೀಮೋ, ಅಂದರೆ ಡಾಕ್ಸೊರೂಬಿಸಿನ್, ನಾಲ್ಕು ಸಲ ಕೊಟ್ಟರು. ಅದಾದ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್. ಅದರ ಜೊತೆಗೇ ಹರ್-2 ತಡೆಯುವ ಔಷಧಿ ಟ್ರಾಸ್ಟುಜುಮಾಬ್ ಶುರು ಮಾಡಿದರು. ಮೂರು ವಾರಕ್ಕೊಮ್ಮೆ, ಒಟ್ಟು ಒಂದು ವರ್ಷ ಅಂದಿದ್ದರು. ಈಗ ಆರು ಡೋಸ್ ಮುಗಿದಿದೆ. ರೇಡಿಯೇಶನ್ ಇನ್ನೂ ಶುರುವಾಗಿಲ್ಲ.

ಎಕೋ ಮೂರು ಸಲ ಆಗಿದೆ. ಇಎಫ್ ಅಂದರೆ ಹೃದಯ ಪ್ರತಿ ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ಹಾಕುತ್ತೆ ಅನ್ನೋ ಅಂಕಿ. ಕೀಮೋಗೆ ಮುಂಚೆ ಇಎಫ್ 64. ಕೆಂಪು ಕೀಮೋ ಮುಗಿದಾಗ 61. ಮೊನ್ನೆ ಮಾಡಿಸಿದ್ದರಲ್ಲಿ 52. ರಿಪೋರ್ಟಿನಲ್ಲಿ ಗ್ಲೋಬಲ್ ಲಾಂಗಿಟ್ಯೂಡಿನಲ್ ಸ್ಟ್ರೈನ್ ಅಂತ ಒಂದು ಸಾಲು ಇದೆ. ಮೊದಲು -20.8 ಇತ್ತು, ಈಗ -17.1. ಅದೇನು ಅಂತ ಯಾರೂ ಹೇಳಲಿಲ್ಲ.

ನಮ್ಮ ಆಂಕಾಲಜಿಸ್ಟ್ ಏಳನೇ ಡೋಸ್ ತಡೆ ಹಿಡಿದರು. ಎರಡನೇ ಅಭಿಪ್ರಾಯಕ್ಕೆ ಬೇರೆಯವರ ಹತ್ತಿರ ಹೋದೆವು. ಅವರು 52 ನಾರ್ಮಲ್, ಕೊಡಬಹುದು ಅಂದರು. ಅಕ್ಕನಿಗೆ ಉಸಿರಾಟದ ತೊಂದರೆ ಏನೂ ಇಲ್ಲ, ಮೆಟ್ಟಿಲು ಹತ್ತುತ್ತಾಳೆ. ಆದರೆ ರಾತ್ರಿ ನಿದ್ದೆ ಇಲ್ಲ. ಔಷಧಿ ತಗೊಂಡರೆ ಹೃದಯ ಹೋಗುತ್ತೆ, ಬಿಟ್ಟರೆ ಕ್ಯಾನ್ಸರ್ ವಾಪಸ್ ಬರುತ್ತೆ ಅಂತ ಒಂದೇ ಸಮನೆ ಹೇಳ್ತಾಳೆ. ಯಾರ ಮಾತು ನಂಬಬೇಕು?

ಗುರುಪಾದ

ತಂಗಿ, ಮೊದಲು ಅಕ್ಕನಿಗೆ ಧೈರ್ಯ ಹೇಳಿ. ನನ್ನ ಹೆಂಡತಿಗೂ ಇದೇ ಔಷಧಿ ಕೊಟ್ಟಿದ್ದರು, ಇದೇ ಥರ ಇಳಿದಿತ್ತು. ಎರಡು ತಿಂಗಳು ನಿಲ್ಲಿಸಿದರು, ತಾನಾಗಿಯೇ ವಾಪಸ್ ಬಂತು, ಮತ್ತೆ ಶುರು ಮಾಡಿ ಪೂರ್ತಿ ಮುಗಿಸಿದೆವು. ಡಾಕ್ಸೊರೂಬಿಸಿನ್ ಹೃದಯದ ಜೀವಕೋಶಗಳನ್ನೇ ಕೊಲ್ಲುತ್ತೆ, ಅದು ಶಾಶ್ವತ. ಟ್ರಾಸ್ಟುಜುಮಾಬ್ ಕೊಲ್ಲೋದಿಲ್ಲ, ಸ್ವಲ್ಪ ದಿನ ಮಂಕು ಮಾಡುತ್ತೆ ಅಷ್ಟೆ. ಆ ಔಷಧಿಯಿಂದ ಆಗಿದ್ದು ಯಾವಾಗಲೂ ಸರಿಹೋಗುತ್ತೆ. ಸುಮ್ನೆ ಹೃದಯದ ಮಾತ್ರೆ ಎಲ್ಲ ಶುರು ಮಾಡಬೇಡಿ.

ಮಂಜುಳಾ_ಕೆ

ದಯವಿಟ್ಟು ಇನ್ನೊಂದು ಡೋಸ್ ಕೂಡ ಕೊಡಿಸಬೇಡಿ! ನಮ್ಮ ತಂದೆಗೆ ಕರುಳಿನ ಕ್ಯಾನ್ಸರಿಗೆ ಕೆಪೆಸಿಟಾಬಿನ್ ಮಾತ್ರೆ ಕೊಟ್ಟಿದ್ದರು. ಮೂರನೇ ದಿನ ಎದೆ ಹಿಂಡಿದ ಹಾಗೆ ನೋವು, ಬೆವರು. ಇಸಿಜಿ ನೋಡಿ ತಕ್ಷಣ ಅಡ್ಮಿಟ್ ಮಾಡಿಕೊಂಡರು. ಇನ್ನು ಜೀವನದಲ್ಲಿ ಆ ಮಾತ್ರೆ ಮುಟ್ಟಬೇಡಿ ಅಂದರು. ಆಮೇಲೆ ಎಕೋ ಮಾಡಿದರೆ ಇಎಫ್ ನಾರ್ಮಲ್ಲೇ ಇತ್ತು. ಅದಕ್ಕೇ ಹೇಳ್ತಿದ್ದೀನಿ, ಎಕೋ ನಂಬಿಕೊಂಡು ಕೂರಬೇಡಿ.

ಹೃದಯವೈದ್ಯ

ಶೈಲಾ ಅವರೇ, ನಾನು ಹೃದ್ರೋಗ ತಜ್ಞ. ವಾರದಲ್ಲಿ ಸ್ವಲ್ಪ ಸಮಯ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರ ಹೃದಯವನ್ನೇ ನೋಡುತ್ತೇನೆ. ರೋಗಿಯನ್ನು ನೋಡದೆ ಕೊಡಿ, ಬೇಡ ಅಂತ ನಾನು ಹೇಳಲಾರೆ. ಆದರೆ ಇಬ್ಬರು ಡಾಕ್ಟರು ಯಾಕೆ ಬೇರೆ ಬೇರೆ ಹೇಳಿದರು ಅನ್ನೋದನ್ನು ಬಿಡಿಸಿ ಹೇಳಬಹುದು. ಇಬ್ಬರೂ ಬಹುಶಃ ಒಂದೇ ನಿಯಮ ಓದುತ್ತಿದ್ದಾರೆ.

ಔಷಧಿಯ ಜೊತೆ ಬರುವ ಸೂಚನೆ ಹೀಗಿದೆ. ಶುರುವಿನ ಇಎಫ್‌ಗಿಂತ 16 ಅಂಕ ಅಥವಾ ಜಾಸ್ತಿ ಇಳಿದರೆ ಡೋಸ್ ತಡೆಯಬೇಕು. ಇಲ್ಲವೇ, 10 ಅಂಕ ಅಥವಾ ಜಾಸ್ತಿ ಇಳಿದು, ಜೊತೆಗೆ ಆ ಲ್ಯಾಬಿನ ನಾರ್ಮಲ್ ಮಿತಿಗಿಂತ ಕೆಳಗೆ ಹೋದರೆ ತಡೆಯಬೇಕು. ಅಕ್ಕನಿಗೆ ಇಳಿದದ್ದು 12 ಅಂಕ. ಅಂದರೆ ಮೊದಲ ನಿಯಮಕ್ಕೆ ಬರೋದಿಲ್ಲ. ಎರಡನೆಯದಕ್ಕೆ ಬರುತ್ತಾ ಅನ್ನೋದು ಲ್ಯಾಬಿನ ಮಿತಿಯ ಮೇಲೆ ನಿಂತಿದೆ. ಕೆಲವು ಕಡೆ 50 ಅಂತ ಇಟ್ಟುಕೊಂಡಿರುತ್ತಾರೆ. ಹೆಂಗಸರಿಗೆ 54 ಅಂತ ಇಟ್ಟುಕೊಂಡವರೂ ಇದ್ದಾರೆ, ಎಕೋ ಸಂಘಗಳ 2015ರ ಶಿಫಾರಸು ಅದೇ. 50 ಮಿತಿ ಆದರೆ 52 ನಾರ್ಮಲ್, ಡೋಸ್ ಕೊಡಬಹುದು. 54 ಆದರೆ 52 ಕಮ್ಮಿ, ಡೋಸ್ ತಡೆಯಬೇಕು. ನಿಮ್ಮ ಇಬ್ಬರು ಡಾಕ್ಟರುಗಳ ನಡುವೆ ಇರೋ ವ್ಯತ್ಯಾಸ ಇಷ್ಟೇ ಇರಬಹುದು.

ಈ ಲೆಕ್ಕಕ್ಕಿಂತ ಮುಂಚೆ ಕೇಳಬೇಕಾದ್ದು ಇನ್ನೊಂದಿದೆ. ಆ 52 ನಿಜವಾದ 52 ಹೌದಾ? ಮೂರು ಎಕೋ ಒಂದೇ ಕಡೆ ಆಗಿದ್ದಾ? ರಿಪೋರ್ಟಿನಲ್ಲಿ ಬಿಪಿ ಬರೆದಿದ್ದಾರಾ? ಇಎಫ್ ಯಾವ ವಿಧಾನದಲ್ಲಿ ಅಳೆದರು ಅಂತ ಇದೆಯಾ?

ಮಂಜುಳಾ ಅವರೇ, ನಿಮ್ಮ ತಂದೆಗೆ ಆಗಿದ್ದು ಬೇರೆಯೇ ವಿಷಯ. ಕೆಪೆಸಿಟಾಬಿನ್, ಫ್ಲೋರೋಯುರಾಸಿಲ್ ಗುಂಪಿನ ಔಷಧಿಗಳು ಹೃದಯಕ್ಕೆ ರಕ್ತ ಕೊಡುವ ನಾಳವನ್ನೇ ಕುಗ್ಗಿಸಿಬಿಡಬಹುದು. ಸಾಮಾನ್ಯವಾಗಿ ಮೊದಲ ಕೆಲವು ದಿನಗಳಲ್ಲೇ ಎದೆನೋವಾಗಿ ಬರುತ್ತೆ. ನಾಳ ಸಡಿಲವಾದ ಮೇಲೆ ಎಕೋ ಮಾಡಿದರೆ ನಾರ್ಮಲ್ ಕಾಣುತ್ತೆ. ತಕ್ಷಣ ನಿಲ್ಲಿಸಿದ್ದು ಸರಿ. ಟ್ರಾಸ್ಟುಜುಮಾಬ್ ಕೆಲಸ ಮಾಡುವ ದಾರಿಯೇ ಬೇರೆ, ಅದು ಸ್ನಾಯುವಿನ ಮೇಲೆ. ಆ ಅನುಭವವನ್ನು ಇಲ್ಲಿಗೆ ತರಬೇಡಿ.

ಶೈಲಾ_ಬಿ

ಸರ್, ತುಂಬಾ ಥ್ಯಾಂಕ್ಸ್. ಈಗ ರಿಪೋರ್ಟು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಮೊದಲ ಎರಡು ಎಕೋ ಒಂದೇ ಲ್ಯಾಬ್. ಮೂರನೆಯದು ಬೇರೆ ಕಡೆ, ಅಲ್ಲಿ ಬೇಗ ಅಪಾಯಿಂಟ್‌ಮೆಂಟ್ ಸಿಕ್ಕಿತು. ಮೊದಲನೆಯದರಲ್ಲಿ ಬಿಪಿ 118/76. ಮೂರನೆಯದರಲ್ಲಿ 152/94. ಮೊದಲ ಎರಡರಲ್ಲಿ ಬೈಪ್ಲೇನ್ ಅಂತ ಇದೆ. ಮೂರನೆಯದರಲ್ಲಿ ವಿಶುವಲ್ ಇಎಫ್ 50 ರಿಂದ 55 ಅಂತ ಬರೆದು, ಕೆಳಗೆ ತೀರ್ಮಾನದಲ್ಲಿ 52 ಅಂತ ಹಾಕಿದ್ದಾರೆ.

ಎಕೋರೂಮು

ನಾನು ಎಕೋ ಮಾಡುವ ಟೆಕ್ನೀಶಿಯನ್. ವಿಶುವಲ್ ಅಂದರೆ ಸ್ಕ್ರೀನ್ ನೋಡಿ ಕಣ್ಣಂದಾಜಿನಲ್ಲಿ ಹೇಳಿದ್ದು. ಎಮರ್ಜೆನ್ಸಿಯಲ್ಲಿ ಅದು ಸಾಕು. ಕೀಮೋ ಡೋಸ್ ತೀರ್ಮಾನಕ್ಕೆ ಖಂಡಿತ ಸಾಲದು. 50 ರಿಂದ 55 ಅನ್ನೋದು ಒಂದು ಅಂದಾಜು, ಅದರ ಮಧ್ಯದ ಒಂದು ಅಂಕಿ ತೆಗೆದು ಬರೆದ ಕೂಡಲೇ ಅಳತೆ ಮಾಡಿದ ಹಾಗೆ ಕಾಣುತ್ತೆ.

ಸರಿಯಾಗಿ ಅಳೆಯೋದು, ಅಂದರೆ ಬೈಪ್ಲೇನ್, ಹೀಗೆ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಹೃದಯದ ತುದಿಯಿಂದ ಎರಡು ಕೋನದಲ್ಲಿ ಚಿತ್ರ ಹಿಡಿಯುತ್ತೇವೆ. ಎಡ ಹೃತ್ಕುಕ್ಷಿ ಪೂರ್ತಿ ಹಿಗ್ಗಿದಾಗ ಒಂದು ಗೆರೆ, ಪೂರ್ತಿ ಕುಗ್ಗಿದಾಗ ಒಂದು ಗೆರೆ ಎಳೆಯುತ್ತೇವೆ. ಎರಡೂ ಕೋನ ಸೇರಿಸಿ ಮೆಶೀನು ಎಷ್ಟು ರಕ್ತ ಹೊರಗೆ ಹೋಯಿತು ಅಂತ ಲೆಕ್ಕ ಹಾಕುತ್ತೆ. ಪ್ರೋಬು ಸ್ವಲ್ಪ ಮೇಲೆ ಸರಿದರೂ ಹೃದಯದ ತುದಿ ಕತ್ತರಿಸಿ ಹೋಗುತ್ತೆ, ಕೋಣೆ ಮೊಟಕಾಗಿ ದುಂಡಗೆ ಕಾಣುತ್ತೆ. ಆಗ ಇಎಫ್ ತಪ್ಪುತ್ತೆ. ಎಡ ಸ್ತನದ ಆಪರೇಶನ್ ಆದವರಲ್ಲಿ, ಅದರಲ್ಲೂ ಇಂಪ್ಲಾಂಟ್ ಇದ್ದರೆ, ಚಿತ್ರ ಸಿಗೋದೇ ಕಷ್ಟ. ಗಾಯ ನೋಯುತ್ತಿದ್ದರೆ ಪ್ರೋಬು ಒತ್ತೋಕೂ ಆಗಲ್ಲ.

ಇಷ್ಟೆಲ್ಲ ಸರಿ ಮಾಡಿದರೂ, ಅದೇ ರೋಗಿಗೆ ಬೇರೆ ದಿನ ಎಕೋ ಮಾಡಿದರೆ ಎರಡು ಆಯಾಮದ ವಿಧಾನದಲ್ಲಿ 10 ಅಂಕದವರೆಗೆ ಆಚೀಚೆ ಬರಬಹುದು. 3ಡಿ ಎಕೋದಲ್ಲಿ ಸುಮಾರು 6. ಅಂದರೆ ಔಷಧಿ ನಿಲ್ಲಿಸುವ ಗೆರೆಯೂ 10, ಅಳತೆಯ ಏರುಪೇರೂ 10. ಅದಕ್ಕೇ ಒಂದೇ ಲ್ಯಾಬು, ಒಂದೇ ಮೆಶೀನು, ಸಾಧ್ಯವಾದರೆ ಒಬ್ಬರದೇ ಕೈ ಅಂತ ನಾವು ಹಟ ಹಿಡಿಯೋದು. ಸ್ಟ್ರೈನ್ ವಿಷಯದಲ್ಲಂತೂ ಒಂದು ಕಂಪನಿ ಮೆಶೀನಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲೇಬಾರದು.

ಬಿಪಿ 152 ಇದ್ದದ್ದೂ ಮುಖ್ಯ. ಹೃದಯ ಜಾಸ್ತಿ ಒತ್ತಡದ ಎದುರು ಪಂಪ್ ಮಾಡಬೇಕಾದಾಗ ಸ್ಟ್ರೈನ್ ಕಮ್ಮಿ ಕಾಣುತ್ತೆ. ಸ್ನಾಯು ಕೆಟ್ಟಿರಲೇಬೇಕು ಅಂತಿಲ್ಲ.

ಹಳೇ ಲ್ಯಾಬಿನಲ್ಲೇ ಮತ್ತೆ ಮಾಡಿಸಿ. ಹಳೇ ರಿಪೋರ್ಟು ಮಾತ್ರ ಅಲ್ಲ, ಹಳೇ ವೀಡಿಯೋ ಕ್ಲಿಪ್ ತೆಗೆದು ಪಕ್ಕದಲ್ಲಿಟ್ಟು ನೋಡಲು ಕೇಳಿ. 3ಡಿ ಇದ್ದರೆ 3ಡಿ. ಬಿಪಿ ಅಳೆದು ರಿಪೋರ್ಟಿನಲ್ಲಿ ಬರೆಯಲಿ.

ಗುರುಪಾದ

ಅಂದರೆ ಅಕ್ಕನ ಹೃದಯಕ್ಕೆ ಏನೂ ಆಗಿಲ್ಲ, ಬರೀ ಅಳತೆಯ ಎಡವಟ್ಟು ಅಂತ ಆಯಿತಲ್ಲ. ನಾನು ಹೇಳಿದ್ದೂ ಅದೇ.

ಹೃದಯವೈದ್ಯ

ಗುರುಪಾದ ಅವರೇ, ಅಷ್ಟು ಬೇಗ ಬೇಡ. ಎಕೋರೂಮು ಅವರು ಹೇಳಿದ್ದು ಇಳಿಕೆ ನಿಜವೋ ಅಲ್ಲವೋ ಈ ರಿಪೋರ್ಟಿನಿಂದ ಗೊತ್ತಾಗಲ್ಲ ಅಂತ. ಇಳಿದೇ ಇಲ್ಲ ಅಂತ ಅಲ್ಲ.

ನೀವು ಮೊದಲು ಹೇಳಿದ್ದರಲ್ಲಿ ಅರ್ಧ ಸರಿ. ಟ್ರಾಸ್ಟುಜುಮಾಬಿನಿಂದ ಇಳಿದ ಇಎಫ್ ಬಹಳ ಜನರಲ್ಲಿ ಔಷಧಿ ನಿಲ್ಲಿಸಿದ ಮೇಲೆ ಏರುತ್ತೆ. ಆದರೆ ಯಾವಾಗಲೂ ಅಲ್ಲ, ಎಲ್ಲರಲ್ಲೂ ಅಲ್ಲ. ಅದರಲ್ಲೂ ಮುಂಚೆ ಡಾಕ್ಸೊರೂಬಿಸಿನ್ ತಗೊಂಡವರಲ್ಲಿ ಎರಡನ್ನೂ ಬೇರೆ ಬೇರೆ ಮಾಡಿ ನೋಡೋಕೆ ಆಗಲ್ಲ.

ಕಾರಣ ಹೇಳುತ್ತೇನೆ. ಡಾಕ್ಸೊರೂಬಿಸಿನ್ ಕ್ಯಾನ್ಸರ್ ಕೋಶದ ಡಿಎನ್‌ಎ ಬಿಚ್ಚಿ ಜೋಡಿಸುವ ಟೊಪೊಐಸೊಮರೇಸ್ ಅನ್ನೋ ಕಿಣ್ವವನ್ನು ಸಿಕ್ಕಿಹಾಕಿಸಿ ಡಿಎನ್‌ಎ ತುಂಡು ಮಾಡುತ್ತೆ. ಅದೇ ಕಿಣ್ವದ ಇನ್ನೊಂದು ರೂಪ ಹೃದಯದ ಸ್ನಾಯುಕೋಶದಲ್ಲೂ ಇದೆ. ಅಲ್ಲೂ ಡಿಎನ್‌ಎ ತುಂಡಾಗುತ್ತೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಹಾಳಾಗುತ್ತೆ. ಹೃದಯದ ಕೋಶ ಹೊಸದಾಗಿ ಹುಟ್ಟೋದು ತೀರಾ ಕಮ್ಮಿ. ಹಾಗಾಗಿ ಪೆಟ್ಟು ತಿಂದ ಕೋಶ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕು. ಆ ರಿಪೇರಿಗೆ ಬೇಕಾದ ಸಂದೇಶಗಳಲ್ಲಿ ಒಂದು ಬರೋದು ಹರ್-2 ಮೂಲಕ. ಹೌದು, ಕ್ಯಾನ್ಸರಿನಲ್ಲಿ ಜಾಸ್ತಿ ಆಗಿರುವ ಅದೇ ಹರ್-2. ಟ್ರಾಸ್ಟುಜುಮಾಬ್ ಅದನ್ನು ಮುಚ್ಚುತ್ತೆ. ಮೊದಲ ಔಷಧಿ ಮನೆಗೆ ಪೆಟ್ಟು ಕೊಟ್ಟು ಹೋದರೆ, ಎರಡನೆಯದು ಮೇಸ್ತ್ರಿ ಒಳಗೆ ಬರದ ಹಾಗೆ ಬಾಗಿಲು ಹಾಕಿದಂತೆ.

ಎರಡನ್ನೂ ಒಟ್ಟಿಗೆ ಕೊಟ್ಟಾಗ ಏನಾಯಿತು ಅನ್ನೋದು 2001ರಲ್ಲಿ ಪ್ರಕಟವಾದ ದೊಡ್ಡ ಟ್ರಯಲ್‌ನಲ್ಲಿ ಕಂಡಿತು. ಡಾಕ್ಸೊರೂಬಿಸಿನ್ ಗುಂಪಿನ ಕೀಮೋ ಮಾತ್ರ ತಗೊಂಡವರಲ್ಲಿ 8% ಜನಕ್ಕೆ ಹೃದಯದ ತೊಂದರೆ ಬಂತು. ಟ್ರಾಸ್ಟುಜುಮಾಬ್ ಜೊತೆಗೇ ಸೇರಿಸಿದವರಲ್ಲಿ 27%. ಅದಾದ ಮೇಲೆ ಒಂದು ಮುಗಿಸಿ ಇನ್ನೊಂದು ಕೊಡುವ ಪದ್ಧತಿ ಗಟ್ಟಿಯಾಯಿತು. ಶೈಲಾ ಅವರ ಅಕ್ಕನಿಗೂ ಹಾಗೇ ಕೊಟ್ಟಿದ್ದಾರೆ. ಅಪಾಯ ತುಂಬಾ ಕಮ್ಮಿಯಾಗಿದೆ, ಸೊನ್ನೆ ಆಗಿಲ್ಲ.

ಅಕ್ಕನ ಕೆಂಪು ಔಷಧಿ ಲೆಕ್ಕ ನೋಡೋಣ. ಸಾಮಾನ್ಯವಾಗಿ ದೇಹದ ಮೇಲ್ಮೈಯ ಚದರ ಮೀಟರಿಗೆ 60 ಮಿಲಿಗ್ರಾಂ, ನಾಲ್ಕು ಸಲ ಅಂದರೆ 240. ಈ ಔಷಧಿಯ ಪೆಟ್ಟು ಒಟ್ಟು ಡೋಸಿನ ಮೇಲೆ ಏರುತ್ತಾ ಹೋಗುತ್ತೆ. ಹಳೇ ಟ್ರಯಲ್‌ಗಳನ್ನು ಒಟ್ಟು ಸೇರಿಸಿ ನೋಡಿದಾಗ 400 ತಲುಪಿದವರಲ್ಲಿ ಸುಮಾರು 5% ಜನಕ್ಕೆ ಹಾರ್ಟ್ ಫೇಲ್ಯೂರ್, 550ಕ್ಕೆ ಸುಮಾರು 26%. 240 ಅದಕ್ಕಿಂತ ಬಹಳ ಕೆಳಗಿದೆ. ಆದರೂ ಇಷ್ಟರೊಳಗೆ ಇದ್ದರೆ ಏನೂ ಆಗಲ್ಲ ಅನ್ನುವ ಗೆರೆ ಇಲ್ಲ.

ಆನಂದ_ಪಿ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನಗೆ 12 ವರ್ಷದ ಹಿಂದೆ ಲಿಂಫೋಮಾ ಆಗಿತ್ತು. ಆರ್-ಚಾಪ್ ಅನ್ನೋ ಕೀಮೋ ಆರು ಸೈಕಲ್. ಅದರಲ್ಲೂ ಕೆಂಪು ಔಷಧಿ ಇತ್ತು. ಆಮೇಲೆ ಕ್ಯಾನ್ಸರ್ ಚೆಕಪ್ಪಿಗೆ ಹೋಗ್ತಿದ್ದೆ, ಹೃದಯದ ಬಗ್ಗೆ ಯಾರೂ ಮಾತಾಡಲಿಲ್ಲ. ಈಗ ಸ್ವಲ್ಪ ಬೇಗ ಸುಸ್ತಾಗುತ್ತೆ. ವಯಸ್ಸು 58, ವಯಸ್ಸಿನದು ಅಂದುಕೊಂಡಿದ್ದೆ. ನಾನೂ ಎಕೋ ಮಾಡಿಸಬೇಕಾ?

ಹೃದಯವೈದ್ಯ

ಆನಂದ ಅವರೇ, ಮಾಡಿಸಿ. ತಡ ಮಾಡಬೇಡಿ. ಆರ್-ಚಾಪ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸಲ ಚದರ ಮೀಟರಿಗೆ 50 ಮಿಲಿಗ್ರಾಂ, ಆರು ಸಲಕ್ಕೆ 300. ಒಟ್ಟು 250 ದಾಟಿದವರನ್ನು ಜಾಸ್ತಿ ಅಪಾಯದ ಗುಂಪಿನಲ್ಲಿ ಇಡುತ್ತಾರೆ. ಯುರೋಪಿನ ಹೃದ್ರೋಗ ಸಂಘದ 2022ರ ಮಾರ್ಗಸೂಚಿ ಪ್ರಕಾರ ಇಂಥವರಿಗೆ ತೊಂದರೆ ಏನೂ ಇಲ್ಲದಿದ್ದರೂ ಚಿಕಿತ್ಸೆ ಮುಗಿದ 1, 3, 5ನೇ ವರ್ಷಕ್ಕೆ ಎಕೋ, ಆಮೇಲೆ ಐದು ವರ್ಷಕ್ಕೊಮ್ಮೆ. ನಿಮಗೆ ಸುಸ್ತೂ ಇದೆ. ಸುಸ್ತಿಗೆ ರಕ್ತ ಕಮ್ಮಿ, ಥೈರಾಯ್ಡ್, ಶುಗರ್ ಹೀಗೆ ಹತ್ತು ಕಾರಣ ಇರಬಹುದು. ಆದರೆ ನಿಮ್ಮ ಡಾಕ್ಟರಿಗೆ ಮೊದಲ ಮಾತಿನಲ್ಲೇ ಡಾಕ್ಸೊರೂಬಿಸಿನ್ ತಗೊಂಡಿದ್ದೆ ಅಂತ ಹೇಳಿ. ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ ಒಟ್ಟು ಡೋಸ್ ಬರೆದು ಇಟ್ಟುಕೊಳ್ಳಿ. ಎದೆಗೆ ರೇಡಿಯೇಶನ್ ಆಗಿದ್ದರೆ ಅದನ್ನೂ ಬರೆಯಿರಿ.

ರಾತ್ರಿ ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತಾ? ಇನ್ನೊಂದು ದಿಂಬು ಬೇಕಾಗಿದೆಯಾ? ಸಂಜೆ ಹೊತ್ತಿಗೆ ಪಾದ ಊದಿ ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಾ? ಇದರಲ್ಲಿ ಒಂದಿದ್ದರೂ ಈ ವಾರವೇ ಹೋಗಿ.

ಶೈಲಾ_ಬಿ

ಎಲ್ಲರಿಗೂ ತಿಳಿಸೋಣ ಅಂತ ಬಂದೆ. ಹಳೇ ಲ್ಯಾಬಿನಲ್ಲೇ ಎಕೋ ಆಯಿತು. ಎಕೋರೂಮು ಅವರು ಹೇಳಿದ ಹಾಗೆ ಹಳೇ ಕ್ಲಿಪ್ ಪಕ್ಕದಲ್ಲಿ ಹಾಕಿಕೊಂಡೇ ನೋಡಿದರು. ನನ್ನನ್ನೂ ಒಳಗೆ ಬಿಟ್ಟಿದ್ದರು. ಬಿಪಿ 128/80. 3ಡಿ ಇಎಫ್ 57. ಸ್ಟ್ರೈನ್ -17.5. ಹೃದಯಕ್ಕೆ ಪೆಟ್ಟು, ಒತ್ತಡ ಇದೆಯಾ ಅಂತ ನೋಡುವ ಟ್ರೊಪೊನಿನ್, ಎನ್‌ಟಿ-ಪ್ರೊಬಿಎನ್‌ಪಿ ಎರಡೂ ರಕ್ತಪರೀಕ್ಷೆ ನಾರ್ಮಲ್.

57 ನೋಡಿ ಅಕ್ಕ ಅಳುತ್ತಾ ನಕ್ಕಳು. ಆದರೆ ಹೃದಯದ ಡಾಕ್ಟರು ಪೂರ್ತಿ ಸಮಾಧಾನ ಹೇಳಲಿಲ್ಲ. ಸ್ಟ್ರೈನ್ ಇನ್ನೂ ಕಮ್ಮಿ ಇದೆ, ಟ್ರಾಸ್ಟುಜುಮಾಬ್ ಮತ್ತೆ ಶುರು ಮಾಡೋಣ, ಜೊತೆಗೆ ರಾಮಿಪ್ರಿಲ್ ಸಣ್ಣ ಡೋಸ್ ಕೊಡ್ತೀನಿ ಅಂದರು. ಇಎಫ್ ನಾರ್ಮಲ್ ಆದ ಮೇಲೂ ಮಾತ್ರೆ ಯಾಕೆ?

ಇನ್ನೊಂದು. ಏಳನೇ ಡೋಸಿನ ತಾರೀಖು ದಾಟಿ ಒಂದು ವಾರದ ಮೇಲಾಯಿತು. ಈಗ ಮೊದಲ ಸಲದ ಹಾಗೆ ದೊಡ್ಡ ಡೋಸ್ ಕೊಡಬೇಕು ಅಂತಿದ್ದಾರೆ. ಹೃದಯ ನೋಡಿಕೊಳ್ಳಬೇಕು ಅನ್ನುವಾಗ ಡೋಸ್ ಜಾಸ್ತಿ ಮಾಡೋದು ನೋಡಿ ಅಕ್ಕ ಹೆದರಿದ್ದಾಳೆ.

ಹೃದಯವೈದ್ಯ

ಮೊದಲು ದೊಡ್ಡ ಡೋಸ್ ವಿಷಯ ಹೇಳಿಬಿಡುತ್ತೇನೆ, ಅಕ್ಕನ ಹೆದರಿಕೆ ಅಲ್ಲಿದೆ. ಮೂರು ವಾರದ ಪದ್ಧತಿಯಲ್ಲಿ ಮೊದಲ ಸಲ ತೂಕದ ಕೆಜಿಗೆ 8 ಮಿಲಿಗ್ರಾಂ, ಆಮೇಲೆ ಪ್ರತಿ ಸಲ 6. ತಾರೀಖು ಒಂದು ವಾರಕ್ಕಿಂತ ಜಾಸ್ತಿ ದಾಟಿದರೆ ರಕ್ತದಲ್ಲಿ ಔಷಧಿಯ ಮಟ್ಟ ಇಳಿದಿರುತ್ತೆ. ಅದನ್ನು ಮತ್ತೆ ಮೇಲೆ ತರಲು ಒಂದು ಸಲ 8 ಕೊಟ್ಟು, ಮುಂದೆ 6ಕ್ಕೇ ಬರುತ್ತಾರೆ. ಡಾಕ್ಸೊರೂಬಿಸಿನ್ ಥರ ಒಟ್ಟು ಡೋಸ್ ಕೂಡುತ್ತಾ ಹೋಗಿ ಹೃದಯಕ್ಕೆ ಪೆಟ್ಟು ಕೊಡುವುದು ಟ್ರಾಸ್ಟುಜುಮಾಬಿನಲ್ಲಿ ಕಂಡಿಲ್ಲ. ಅಕ್ಕನಿಗೆ ಈ ವ್ಯತ್ಯಾಸ ಹೇಳಿ.

ಈಗ ಸ್ಟ್ರೈನ್. ಮೈನಸ್ ಚಿಹ್ನೆ ತಲೆಗೆ ಹಚ್ಚಿಕೊಳ್ಳಬೇಡಿ. ಹೃದಯ ಕುಗ್ಗುವಾಗ ಸ್ನಾಯು ಉದ್ದದಲ್ಲಿ ಶೇಕಡಾ ಎಷ್ಟು ಮೊಟಕಾಗುತ್ತೆ ಅಂತ ಅದು ಹೇಳುತ್ತೆ. ಮೊದಲು 20.8 ಮೊಟಕಾಗುತ್ತಿತ್ತು, ಈಗ 17.5. ವ್ಯತ್ಯಾಸ 3.3. ಅದನ್ನು 20.8ಕ್ಕೆ ಹೋಲಿಸಿದರೆ ಸುಮಾರು 16% ಇಳಿಕೆ. 15%ಗಿಂತ ಜಾಸ್ತಿ ಇಳಿದರೆ ಅದನ್ನು ಲೆಕ್ಕಕ್ಕೆ ತಗೊಳ್ಳಬೇಕು ಅಂತ ಇಟ್ಟುಕೊಂಡಿದ್ದಾರೆ. ಅಕ್ಕ ಆ ಗೆರೆಯನ್ನು ಈಗಷ್ಟೇ ದಾಟಿದ್ದಾರೆ. ಸ್ನಾಯು ಸೋಲುವಾಗ ಮೊದಲು ಈ ಮೊಟಕಾಗುವ ಶಕ್ತಿ ಇಳಿಯುತ್ತೆ, ಉಳಿದ ಭಾಗ ಜಾಸ್ತಿ ದುಡಿದು ಇಎಫ್ ಅನ್ನು ಸ್ವಲ್ಪ ಕಾಲ ಎತ್ತಿ ಹಿಡಿಯುತ್ತೆ. ಇಎಫ್ 50ಕ್ಕಿಂತ ಮೇಲಿದ್ದು ಸ್ಟ್ರೈನ್ ಹೀಗೆ ಇಳಿದಿದ್ದರೆ ಅದನ್ನು ಸೌಮ್ಯವಾದ, ಲಕ್ಷಣ ಇಲ್ಲದ ತೊಂದರೆ ಅಂತ ಕರೆಯುತ್ತೇವೆ. ಅದಕ್ಕೆ ಕ್ಯಾನ್ಸರ್ ಔಷಧಿ ನಿಲ್ಲಿಸುವುದಿಲ್ಲ. ಹೃದಯಕ್ಕೆ ಮಾತ್ರೆ ಕೊಟ್ಟು, ಎಕೋ ಹತ್ತಿರ ಹತ್ತಿರ ಮಾಡುತ್ತೇವೆ. ನಿಮ್ಮ ಡಾಕ್ಟರು ಮಾಡಿದ್ದು ಅದೇ.

ಇಎಫ್ 40 ರಿಂದ 49ಕ್ಕೆ ಇಳಿದವರಲ್ಲೂ ಹೃದಯದ ಮಾತ್ರೆ ಜೊತೆ, ಹತ್ತಿರದಿಂದ ನೋಡುತ್ತಾ ಟ್ರಾಸ್ಟುಜುಮಾಬ್ ಮುಂದುವರಿಸಿದ ಸಣ್ಣ ಟ್ರಯಲ್‌ಗಳಿವೆ. ಹೆಚ್ಚಿನವರು ಪೂರ್ತಿ ಮುಗಿಸಿದರು. 40ಕ್ಕಿಂತ ಕೆಳಗೆ ಹೋದರೆ ಅಥವಾ ಉಸಿರು ಕಟ್ಟಿದರೆ ಮಾತು ಬೇರೆ, ಆಗ ನಿಲ್ಲಿಸಲೇಬೇಕು.

ಗುರುಪಾದ

ಡಾಕ್ಟ್ರೇ, ಒಂದು ಮಾತು ಕೇಳ್ತೀನಿ. ಸ್ಟ್ರೈನ್ ನೋಡಿ ಮಾತ್ರೆ ಶುರು ಮಾಡಿದವರಿಗೆ ಕೊನೆಗೆ ಒಳ್ಳೇದಾಯಿತು ಅಂತ ಸಾಬೀತಾಗಿದೆಯಾ? ಅಂಕಿ ನೋಡಿ ಮಾತ್ರೆ, ಆ ಮಾತ್ರೆಗೆ ಇನ್ನೊಂದು ಸೈಡ್ ಎಫೆಕ್ಟ್. ಈಗಾಗಲೇ ಅವರು ಎಷ್ಟೊಂದು ಔಷಧಿ ನುಂಗುತ್ತಿದ್ದಾರೆ.

ಹೃದಯವೈದ್ಯ

ಸರಿಯಾದ ಪ್ರಶ್ನೆ. ಪೂರ್ತಿ ಸಾಬೀತಾಗಿಲ್ಲ. ಸ್ಟ್ರೈನ್ ನೋಡಿ ಮಾತ್ರೆ ಕೊಡುವುದನ್ನೂ ಇಎಫ್ ನೋಡಿ ಕೊಡುವುದನ್ನೂ ಹೋಲಿಸಿದ ಸಕ್ಕರ್ ಅನ್ನೋ ಟ್ರಯಲ್ ಇದೆ. ಒಂದು ವರ್ಷದ ಕೊನೆಗೆ ಇಎಫ್ ಇಳಿಕೆಯಲ್ಲಿ ಎರಡು ಗುಂಪಿಗೂ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಆದರೆ ಇಎಫ್ ಗೆರೆ ದಾಟಿ ಕೆಳಗೆ ಬಿದ್ದವರು ಸ್ಟ್ರೈನ್ ಗುಂಪಿನಲ್ಲಿ ಕಮ್ಮಿ ಇದ್ದರು. ಇದನ್ನು ನನ್ನ ಜೊತೆ ಕೆಲಸ ಮಾಡುವವರೇ ಎರಡು ಥರ ಓದುತ್ತಾರೆ. ಕೊಲೆಸ್ಟ್ರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ವಿಷಯವೂ ಹೀಗೇ. ಡಾಕ್ಸೊರೂಬಿಸಿನ್ ಗುಂಪಿನ ಔಷಧಿ ಪಡೆದ ಲಿಂಫೋಮಾ ರೋಗಿಗಳ ಒಂದು ಟ್ರಯಲ್‌ನಲ್ಲಿ ಉಪಯೋಗ ಕಂಡಿತು, ಮುಖ್ಯವಾಗಿ ಸ್ತನ ಕ್ಯಾನ್ಸರಿನವರಿದ್ದ ಇನ್ನೊಂದರಲ್ಲಿ ಕಾಣಲಿಲ್ಲ.

ಆದರೆ ಈ ಅಕ್ಕನಿಗೆ ನಾನಾದರೂ ರಾಮಿಪ್ರಿಲ್ ಕೊಡುತ್ತಿದ್ದೆ. ಕಾರಣ ಸ್ಟ್ರೈನ್ ಒಂದೇ ಅಲ್ಲ. ಬಿಪಿ ಒಮ್ಮೆ 152 ಬಂದಿದೆ. ಪೆಟ್ಟು ತಿಂದ ಹೃದಯಕ್ಕೆ ಬಿಪಿ ಭಾರ ಹೊರಿಸಿ ಉಳಿದ ಡೋಸ್ ಕೊಡೋದು ನನಗೆ ಒಪ್ಪಿಗೆ ಇಲ್ಲ. ಶೈಲಾ ಅವರೇ, ಮನೆಯಲ್ಲಿ ಬೆಳಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಿ. ಆಸ್ಪತ್ರೆಯ ಗಾಬರಿಗೆ ಏರಿದ್ದಾ, ನಿಜವಾದ ಬಿಪಿಯಾ ಅನ್ನೋದು ಅದರಲ್ಲೇ ಗೊತ್ತಾಗುತ್ತೆ. ರಾಮಿಪ್ರಿಲ್ ಶುರುವಾದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ. ಒಣಕೆಮ್ಮು ಬಂದರೆ ಡಾಕ್ಟರಿಗೆ ಹೇಳಿ, ಅದಕ್ಕೆ ಬದಲಿ ಮಾತ್ರೆ ಇದೆ. ತಾವಾಗಿಯೇ ಬಿಡಬೇಡಿ.

ಎಡಗಡೆ ರೇಡಿಯೇಶನ್ ಇನ್ನೂ ಬಾಕಿ ಇದೆ ಅಂದಿರಿ. ಉಸಿರು ಒಳಗೆಳೆದು ಹಿಡಿದುಕೊಂಡಾಗ ಕಿರಣ ಕೊಡುವ ಪದ್ಧತಿ ಇದೆ. ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತೆ. ಅಲ್ಲಿ ಆ ಸೌಲಭ್ಯ ಇದೆಯಾ, ಹೃದಯಕ್ಕೆ ಬೀಳುವ ಸರಾಸರಿ ಡೋಸ್ ಎಷ್ಟು ಬರುತ್ತೆ ಅಂತ ಪ್ಲಾನಿಂಗ್ ಸಮಯದಲ್ಲೇ ಕೇಳಿ. ಶುರುವಾದ ಮೇಲೆ ಕೇಳಿದರೆ ಬದಲಾಯಿಸೋದು ಕಷ್ಟ.

ಮಂಜುಳಾ_ಕೆ

ನಾನು ಗಾಬರಿಯಲ್ಲಿ ಬರೆದಿದ್ದೆ, ಅಪ್ಪನ ದಿನಗಳು ನೆನಪಾಯಿತು. ಒಂದು ಕೇಳಬೇಕಿತ್ತು. ಶುರುವಿನಲ್ಲೇ ಕೆಂಪು ಔಷಧಿ ಇಲ್ಲದ ಕೀಮೋ ಕೊಟ್ಟಿದ್ದರೆ ಈ ತೊಂದರೆ ಇರುತ್ತಿರಲಿಲ್ಲ ಅಲ್ವಾ? ಯಾಕೆ ಕೊಡಲಿಲ್ಲ?

ಹೃದಯವೈದ್ಯ

ಹರ್-2 ಪಾಸಿಟಿವ್ ಇದ್ದವರಿಗೆ ಡೋಸೆಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್ ಜೊತೆ ಟ್ರಾಸ್ಟುಜುಮಾಬ್ ಕೊಡುವ ಪದ್ಧತಿ ಇದೆ. ಅದರಲ್ಲಿ ಹಾರ್ಟ್ ಫೇಲ್ಯೂರ್ ಕಮ್ಮಿ. ಈಚೆಗೆ ಬಹಳ ಕಡೆ ಅದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಗೆಡ್ಡೆ ಎಷ್ಟು ದೊಡ್ಡದಿತ್ತು, ಗ್ರಂಥಿಗಳಿಗೆ ಎಷ್ಟು ಹರಡಿತ್ತು ಅನ್ನೋದನ್ನು ನೋಡಿ ಆಂಕಾಲಜಿಸ್ಟ್ ತೀರ್ಮಾನ ಮಾಡಿರುತ್ತಾರೆ. ಆ ಕಾಗದ ನೋಡದೆ ಅವರ ಆಯ್ಕೆಯ ಮೇಲೆ ನಾನು ಮಾತಾಡಲ್ಲ. ಮುಂದೆ ಯಾರಾದರೂ ಶುರು ಮಾಡುವವರಿದ್ದರೆ, ಬಿಪಿ, ಶುಗರ್, ಹಳೇ ಹೃದಯದ ತೊಂದರೆ ಇದ್ದರೆ, ಮೊದಲ ಡೋಸಿಗೆ ಮುಂಚೆಯೇ ಈ ಪ್ರಶ್ನೆ ಕೇಳಿ.

ಎಕೋರೂಮು

ಶೈಲಾ ಅವರೇ, ಮುಂದಿನ ಎಕೋಗೆ ಒಂದು ಮಾತು. ಈ ಸಲದ ರಿಪೋರ್ಟಿನಲ್ಲಿ ಮೆಶೀನಿನ ಹೆಸರು, ಸ್ಟ್ರೈನ್ ಸಾಫ್ಟ್‌ವೇರ್ ಹೆಸರು ಇದೆಯಾ ನೋಡಿ, ಇಲ್ಲದಿದ್ದರೆ ಬರೆಸಿಕೊಳ್ಳಿ. ಲ್ಯಾಬಿನವರು ಮೆಶೀನು ಬದಲಿಸಿದರೆ ಮತ್ತೆ ಇದೇ ಗೊಂದಲ ಆಗುತ್ತೆ. ಕ್ಲಿಪ್‌ಗಳ ಕಾಪಿ ತಗೊಂಡು ಇಟ್ಟುಕೊಳ್ಳಿ, ಪ್ರಿಂಟ್ ಮಾಡಿದ ಫೋಟೋದಿಂದ ಏನೂ ಅಳೆಯೋಕೆ ಆಗಲ್ಲ.

ಆನಂದ_ಪಿ

ನಂದೂ ಎಕೋ ಆಯಿತು. ಇಎಫ್ 46. ಡಾಕ್ಟರು ಎರಡು ಮಾತ್ರೆ ಶುರು ಮಾಡಿದ್ದಾರೆ. ಇವನ್ನು ಜೀವನ ಪೂರ್ತಿ ತಗೊಳ್ಳಬೇಕಾ ಅಂತ ಕೇಳಿದೆ, ನೋಡೋಣ ಅಂದರು.

ಹೃದಯವೈದ್ಯ

ಈಗ ಗೊತ್ತಾಗಿದ್ದು ಒಳ್ಳೇದಾಯಿತು ಆನಂದ ಅವರೇ. ಮಾತ್ರೆಗಳ ಡೋಸನ್ನು ನಿಧಾನಕ್ಕೆ ಏರಿಸುತ್ತಾ ಹೋಗುತ್ತಾರೆ, ಮೊದಲ ತಿಂಗಳಲ್ಲೇ ಫಲ ಹುಡುಕಬೇಡಿ. 46ಕ್ಕೆ ಬೇರೆ ಕಾರಣ ಇದೆಯಾ, ರಕ್ತನಾಳದ ತೊಂದರೆ ಇದೆಯಾ ಅಂತಲೂ ನೋಡಿಸಿ, ಎಲ್ಲವನ್ನೂ ಹಳೇ ಕೀಮೋ ತಲೆಗೆ ಕಟ್ಟಬಾರದು.

ಜೀವನ ಪೂರ್ತಿನಾ ಅನ್ನೋ ಪ್ರಶ್ನೆಗೆ ನಮ್ಮ ಹತ್ತಿರ ಪಕ್ಕಾ ಉತ್ತರ ಇಲ್ಲ. ಕ್ಯಾನ್ಸರಿಗೆ ಸಂಬಂಧ ಇಲ್ಲದ ಕಾರಣಕ್ಕೆ ಹೃದಯ ಹಿಗ್ಗಿ, ಆಮೇಲೆ ಸರಿಹೋದವರಲ್ಲಿ ಮಾತ್ರೆ ನಿಲ್ಲಿಸಿ ನೋಡಿದ ಟ್ರಯಲ್ ಒಂದಿದೆ. ಆರು ತಿಂಗಳೊಳಗೆ ಸುಮಾರು 40% ಜನಕ್ಕೆ ತೊಂದರೆ ವಾಪಸ್ ಬಂತು. ಹಾಗಾಗಿ ಡಾಕ್ಸೊರೂಬಿಸಿನ್ನಿಂದ ಇಳಿದವರಿಗೆ ನಿಲ್ಲಿಸಲು ನಾನು ಧೈರ್ಯ ಮಾಡಲ್ಲ. ಶೈಲಾ ಅವರ ಅಕ್ಕನ ಥರ ಸ್ಟ್ರೈನ್ ಮಾತ್ರ ಇಳಿದವರಲ್ಲಿ, ಟ್ರಾಸ್ಟುಜುಮಾಬ್ ಮುಗಿದು ಎಲ್ಲ ಮೊದಲಿನ ಹಾಗೆ ಆದರೆ, ಬಿಪಿಯೂ ಸರಿ ಇದ್ದರೆ, ನಿಧಾನಕ್ಕೆ ನಿಲ್ಲಿಸಿ ಎಕೋ ಮಾಡಿ ನೋಡುವವರಿದ್ದಾರೆ.

ಗುರುಪಾದ

ನನ್ನ ಹೆಂಡತಿಯದು ಮುಗಿದು ಎಂಟು ತಿಂಗಳಾಯಿತು. ಕೊನೇ ಡೋಸ್ ಆದ ಮೇಲೆ ಎಕೋ ಮಾಡಿಸೇ ಇಲ್ಲ. ಬೇಕಾ?

ಹೃದಯವೈದ್ಯ

ಬೇಕು. ಮಧ್ಯದಲ್ಲಿ ಇಎಫ್ ಇಳಿದಿದ್ದವರಿಗಂತೂ ಮುಗಿದ ಮೂರು ತಿಂಗಳಿಗೆ ಒಂದು, ಒಂದು ವರ್ಷಕ್ಕೆ ಒಂದು ಆಗಲೇಬೇಕು. ಮೂರು ತಿಂಗಳದ್ದು ತಪ್ಪಿಹೋಗಿದೆ, ಈಗ ಒಂದು ಮಾಡಿಸಿ. ಹಳೇ ಲ್ಯಾಬಿನಲ್ಲೇ ಮಾಡಿಸಿ, ಇಎಫ್ ಇಳಿದಿದ್ದಾಗಿನ ರಿಪೋರ್ಟು ತಗೊಂಡು ಹೋಗಿ.

ಶೈಲಾ_ಬಿ

ಏಳನೇ ಡೋಸ್ ಇವತ್ತು ಆಯಿತು. ಎರಡು ಡೋಸ್ ಆದ ಮೇಲೆ, ಅಂದರೆ ಆರು ವಾರಕ್ಕೆ, ಅದೇ ಲ್ಯಾಬಿನಲ್ಲಿ ಎಕೋಗೆ ತಾರೀಖು ತಗೊಂಡಿದ್ದೇವೆ. ರೇಡಿಯೇಶನ್ ಡಾಕ್ಟರ ಹತ್ತಿರ ಉಸಿರು ಹಿಡಿಯುವ ಪದ್ಧತಿ ಕೇಳಿದೆ, ಇದೆ ಅಂದರು. ಅಕ್ಕನಿಗೆ ಈಗಿನಿಂದಲೇ ಅಭ್ಯಾಸ ಮಾಡಿಸಿ ಅಂತ ಹೇಳಿ ಕಳಿಸಿದ್ದಾರೆ. ಎಕೋ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.